ಐದು ನಿಮಿಷದ ಸೈನ್ಸ್ ಫಿಕ್ಷನ್ ಸ್ಕ್ರಿಪ್ಟ್: ಹಳ್ಳಿಗೆ ಬಂದ ಎಪ್ಪತ್ತು ಅಕ್ಷರದ ಮೆಸೇಜು

ಪ್ರಶ್ನೆ: ಐದು ನಿಮಿಷದ ಶಾರ್ಟ್ ಫಿಲಂ ಮಾಡ್ಬೇಕು ಅಂತಿದೀವಿ, ಸೈನ್ಸ್ ಫಿಕ್ಷನ್. ಒಂದು ಹಳ್ಳಿಗೆ ಅದೇ ಹಳ್ಳಿಯ ಭವಿಷ್ಯದಿಂದ ಮೆಸೇಜ್ ಬರುತ್ತೆ, ಇಷ್ಟೇ ಐಡಿಯಾ ಇರೋದು. ದುಡ್ಡು ಕಮ್ಮಿ. ಸ್ಕ್ರಿಪ್ಟ್ ಹೇಗೆ ಬರೆಯೋದು, ಒಂದು ಉದಾಹರಣೆ ಬರೆದು ತೋರಿಸ್ತೀರಾ?

ಬರೆದೇ ತೋರಿಸ್ತೀನಿ. ಆದ್ರೆ ಸ್ಕ್ರಿಪ್ಟ್‌ಗಿಂತ ಮೊದಲು ಮೆಸೇಜ್ ಬಗ್ಗೆ ಮಾತಾಡ್ಬೇಕು, ಯಾಕಂದ್ರೆ ಇಂಥ ಕಥೆ ನಿಲ್ಲೋದೂ ಬೀಳೋದೂ ಅಲ್ಲೇ. ನಾನು ಈ ಥರದ್ದು ಮೊದಲ ಸಲ ಬರೆದಾಗ ಹಳ್ಳಿ ಕಟ್ಟೆ ಮೇಲಿನ ಟಿವಿಲಿ ಒಬ್ಬ ಮುದುಕ ಬಂದು ಎರಡು ನಿಮಿಷ ಭಾಷಣ ಮಾಡ್ತಿದ್ದ, ಮುಂದೆ ಏನೇನಾಗುತ್ತೆ ಅಂತ ಎಲ್ಲಾ ಹೇಳ್ಬಿಡ್ತಿದ್ದ, ಓದಿ ಟೈಮ್ ಮಾಡಿದ್ರೆ ಒಂಬತ್ತು ನಿಮಿಷ ಬಂತು, ಅದಕ್ಕಿಂತ ದೊಡ್ಡ ತೊಂದ್ರೆ ಏನಂದ್ರೆ ಹಳ್ಳಿಯವರಿಗೆ ಮಾಡೋಕೆ ಏನೂ ಉಳಿದಿರಲಿಲ್ಲ. ಎಲ್ಲಾ ಗೊತ್ತಾದ್ಮೇಲೆ ನಾಟಕ ಎಲ್ಲಿಂದ ಬರ್ಬೇಕು? ಆವಾಗಿಂದ ಮೆಸೇಜ್ ಸಾಧ್ಯ ಆದಷ್ಟು ಚಿಕ್ಕದಿರ್ಬೇಕು, ಅದು ಚಿಕ್ಕದಾಗಿರೋಕೆ ಒಂದು ನಿಜವಾದ ಕಾರಣಾನೂ ಇರ್ಬೇಕು ಅಂತ ಇಟ್ಕೊಂಡಿದೀನಿ.

ಹಳ್ಳಿಲಿ ಇವತ್ತು ನಿಜವಾಗ್ಲೂ ಮೆಸೇಜ್ ಕಳ್ಸೋ ವಸ್ತು ಯಾವುದು ಅಂತ ನೋಡಿ. ನಮ್ಮ ಕಡೆ, ಅಂದ್ರೆ ಕೋಲಾರದ ಕಡೆ, ಅದು ಬೋರ್‌ವೆಲ್ ಮೋಟ್ರಿನ ಮೊಬೈಲ್ ಸ್ಟಾರ್ಟರ್. ಗೋಡೆ ಮೇಲಿರೋ ಒಂದು ಡಬ್ಬಿ, ಒಳಗೆ ಸಿಮ್ ಇರುತ್ತೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ದಿನವಿಡೀ ಇರಲ್ಲ, ಎಷ್ಟೋ ಸಲ ರಾತ್ರಿ ಹೊತ್ತು ಬರುತ್ತೆ, ಬಂದ ತಕ್ಷಣ ಡಬ್ಬಿ ಫೋನಿಗೆ ತಿಳಿಸುತ್ತೆ. ಕೆಳಗೆ ನೀರು ಖಾಲಿಯಾಗಿ ಮೋಟ್ರು ಬರೀ ತಿರುಗೋಕೆ ಶುರು ಮಾಡಿದ್ರೆ ಅದು ಎಳೆಯೋ ಕರೆಂಟ್ ಕಮ್ಮಿ ಆಗುತ್ತೆ, ಅದನ್ನ ನೋಡಿ 'ಡ್ರೈ ರನ್' ಅಂತ ಮೆಸೇಜ್ ಹಾಕಿ ಮೋಟ್ರು ಆಫ್ ಮಾಡುತ್ತೆ. ಅಂದ್ರೆ ಊರಿನ ನೀರಿನ ಸುದ್ದಿ ಊರಿಗೆ ಹೇಳೋದು ಈಗಾಗ್ಲೇ ಈ ಡಬ್ಬಿನೇ. ನಮಗೆ ಸೆಟ್ ಬೇಡ, ಗ್ರಾಫಿಕ್ಸ್ ಬೇಡ, ಯಾವ ತೋಟದ ಮೋಟ್ರು ರೂಮಿಗೆ ಹೋದ್ರೂ ಸಿಗುತ್ತೆ.

ಇನ್ನು ಚಿಕ್ಕದಾಗಿರೋಕೆ ಕಾರಣ. ಒಂದು ಎಸ್ಸೆಮ್ಮೆಸ್‌ನಲ್ಲಿ 140 ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಅದಕ್ಕೇ 160 ಅಕ್ಷರ ಹಿಡಿಯುತ್ತೆ. ಕನ್ನಡಕ್ಕೆ ಒಂದೊಂದಕ್ಕೂ 16 ಬಿಟ್ ಬೇಕು, ಹಾಗಾಗಿ 70 ಮಾತ್ರ. ಆ 70ರಲ್ಲೂ ಗುಣಿತದ ಚಿಹ್ನೆ, ಒತ್ತು, ಅರ್ಧಾಕ್ಷರದ ಚಿಹ್ನೆ ಎಲ್ಲಾ ಬೇರೆ ಬೇರೆ ಲೆಕ್ಕ. 'ನೀರಿಲ್ಲ' ಅಂದ್ರೆ ನಮ್ಮ ಕಣ್ಣಿಗೆ ಮೂರಕ್ಷರ, ಫೋನಿಗೆ ಏಳು. (ಮಾಮೂಲಿ ಫೋನು 70 ದಾಟಿದ್ರೆ ಮೆಸೇಜನ್ನ 67ರ ತುಂಡುಗಳಾಗಿ ಮಾಡಿ ಕಳ್ಸಿ ಆ ಕಡೆ ಜೋಡ್ಸುತ್ತೆ. ನಮ್ಮ ಕಥೆಯ ಹಳೇ ಡಬ್ಬಿಗೆ ಆ ಬುದ್ಧಿ ಇಲ್ಲ, 70ಕ್ಕೆ ನಿಲ್ಲುತ್ತೆ ಅಂತ ಇಟ್ಕೊಳ್ಳಿ.)

ಈಗ ನನಗೆ ತುಂಬಾ ಇಷ್ಟ ಆದ ಜಾಗ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ಅದರ ಕಾಲ, ಆಗುತ್ತೋ ಇಲ್ವೋ ಅನ್ನೋದು, ಎಲ್ಲಾ ಆ ಪದದ ಬಾಲದಲ್ಲಿರುತ್ತೆ. ಮೆಸೇಜ್ ಕೊನೆಲಿ ತುಂಡಾದ್ರೆ ಹೋಗೋದು ಅದೇ ಬಾಲ. ನಾನು ಬರೆದ ಮೆಸೇಜ್ ಇದು:

```
len("7ನೇ ಬೋರ್ ಕೊರೆಸಬೇಡಿ. 1400 ಅಡಿ ನೀರಿಲ್ಲ. ಕಾಲುವೆ ಹೂಳು ತೆಗೀರಿ. ಕೆರೆ ತುಂಬುತ್")
```

ಪೈಥಾನ್‌ನಲ್ಲಿ ಹಾಕಿದ್ರೆ ಸರಿಯಾಗಿ 70 ಬರುತ್ತೆ. ಕೊನೆ ಪದ 'ತುಂಬುತ್ತೆ' ಇರ್ಬಹುದು, 'ತುಂಬುತ್ತಿಲ್ಲ' ಇರ್ಬಹುದು, 'ತುಂಬುತ್ತಿತ್ತು' ಇರ್ಬಹುದು. ಕೆರೆ ತುಂಬುತ್ತೆ ಅಂತ ಭರವಸೆ ಕೊಡ್ತಿದ್ದಾರಾ, ಮಾಡಿದ್ರೆ ತುಂಬುತ್ತಿತ್ತು ಅಂತ ಅಳ್ತಿದ್ದಾರಾ? ಹಳ್ಳಿಯವರು ಜಗಳ ಆಡೋಕೆ ಇಷ್ಟು ಸಾಕು, ಐದು ನಿಮಿಷಕ್ಕೆ ಇದೇ ನಾಟಕ.

ಭವಿಷ್ಯದಿಂದ ಹೇಗೆ ಬಂತು ಅಂತ ವಿವರ್ಸೋಕೆ ಒಂದೇ ಒಂದು ಡೈಲಾಗ್ ಇಟ್ಕೊಳ್ಳಿ, ಜಾಸ್ತಿ ಬೇಡ. ಎಸ್ಸೆಮ್ಮೆಸ್ ನೇರವಾಗಿ ಫೋನಿಂದ ಫೋನಿಗೆ ಹೋಗಲ್ಲ, ಮಧ್ಯೆ ಒಂದು ಕೇಂದ್ರದಲ್ಲಿ ನಿಂತು, ನಿಮ್ಮ ಫೋನು ಸಿಗ್ನಲ್‌ಗೆ ಸಿಕ್ಕಾಗ ಬರುತ್ತೆ. ಅದಕ್ಕೇ ಕೆಲವು ಸಲ ನಿನ್ನೆಯದು ಇವತ್ತು ಬರೋದು. ಎಲ್ಲರಿಗೂ ಲೇಟಾಗಿ ಮೆಸೇಜ್ ಬಂದ ಅನುಭವ ಇದೆ, ಬೇಗ ಬಂದ ಅನುಭವ ಇಲ್ಲ, ಅಷ್ಟೇ ನಮ್ಮ ಫಿಕ್ಷನ್. ತಾರೀಖನ್ನೂ ಆ ಕೇಂದ್ರನೇ ಮೆಸೇಜಿಗೆ ಒತ್ತಿ ಕಳ್ಸುತ್ತೆ, ಅದರಲ್ಲಿ ಇಸವಿಗೆ ಎರಡೇ ಅಂಕಿ. ಪರದೆ ಮೇಲೆ '46' ಅಂತ ತೋರ್ಸಿದ್ರೆ ಆಯ್ತು, ಮೊದಲು ಎಲ್ಲರೂ ಟವರ್ ಕೆಟ್ಟಿದೆ ಅಂದ್ಕೊಳ್ತಾರೆ.

ಇನ್ನೊಂದು ಗಂಟು ಇದೆ, ಇದನ್ನ ಬಿಡಿಸ್ಕೊಳ್ದೆ ಬರೆಯೋಕೆ ಕೂತ್ಕೋಬೇಡಿ. ಮೆಸೇಜ್ ನೋಡಿ ಊರವರು ಬೋರ್ ಕೊರೆಸದೆ ಬಿಟ್ರೆ, ಭವಿಷ್ಯದಲ್ಲಿ ಆ ಬೋರೇ ಇರಲ್ಲ, ಹಾಗಿದ್ಮೇಲೆ 'ಬೋರ್ ಬತ್ತಿತು' ಅಂತ ಮೆಸೇಜ್ ಕಳ್ಸೋದು ಯಾರು? ರಷ್ಯಾದ ಭೌತವಿಜ್ಞಾನಿ ಇಗೋರ್ ನೋವಿಕೋವ್ 1980ರ ದಶಕದಲ್ಲಿ ಹೇಳಿದ ಒಂದು ಮಾತು ಇಲ್ಲಿ ಕೈ ಹಿಡಿಯುತ್ತೆ: ಕಾಲದಲ್ಲಿ ಹಿಂದಕ್ಕೆ ಹೋಗೋ ದಾರಿ ಇದ್ರೂ, ಅಲ್ಲಿ ನಡೆಯೋದೆಲ್ಲ ಒಂದಕ್ಕೊಂದು ಹೊಂದ್ಕೊಂಡೇ ಇರುತ್ತೆ, ನಡೆದದ್ದನ್ನ ನಡೆದೇ ಇಲ್ಲ ಅಂತ ಮಾಡೋಕಾಗಲ್ಲ. ಅಂದ್ರೆ ಮೆಸೇಜ್ ಬಂದಿತ್ತು, ಊರು ಬೋರ್ ಕೊರೆಸಲಿಲ್ಲ, ಆದ್ರೂ ಇಪ್ಪತ್ತು ವರ್ಷ ಆದ್ಮೇಲೆ ಯಾರೋ ಅದೇ ಮೆಸೇಜ್ ಕಳ್ಸಿದ್ರು. ಇದು ಮೂರೂ ನಿಜ ಆಗ್ಬೇಕು ಅಂದ್ರೆ ಒಂದೇ ದಾರಿ, ಭವಿಷ್ಯದ ಊರು ತನಗೆ ತಾನೇ ಒಂದು ಸುಳ್ಳು ಹೇಳಿರ್ಬೇಕು. ಈ ಯೋಚನೆ ಬಂದ ರಾತ್ರಿ ನಾನು ಎದ್ದು ಕೂತು ಕೊನೆ ಸೀನ್ ಮೊದಲು ಬರೆದೆ.

ಸ್ಕ್ರಿಪ್ಟ್ ಇಲ್ಲಿದೆ. ಟೈಟಲ್‌ಗೆ 20 ಸೆಕೆಂಡ್ ಬಿಟ್ಟು ಉಳಿದಿದ್ದು 280 ಸೆಕೆಂಡ್.

ಸೀನ್ 1. ಕೆರೆ ಪಕ್ಕದ ಮೋಟ್ರು ರೂಮು, ರಾತ್ರಿ (70 ಸೆಕೆಂಡ್)

*ಕತ್ತಲು. ಟಾರ್ಚ್ ಬೆಳಕಲ್ಲಿ ಊರಿನ ನೀರಗಂಟಿ ರತ್ನಮ್ಮ (40) ಗೋಡೆಗೆ ಒರಗಿ ಕೂತಿದಾಳೆ. ಪಕ್ಕದಲ್ಲಿ ಮಗಳು ಶಿಲ್ಪ (10) ಹೋಮ್‌ವರ್ಕ್ ಬರೀತಿದಾಳೆ. ಗೋಡೆ ಮೇಲೆ ಸ್ಟಾರ್ಟರ್ ಡಬ್ಬಿ, ಒಂದು ದೀಪಾನೂ ಉರೀತಿಲ್ಲ.*

ಶಿಲ್ಪ: ಅಮ್ಮ, ಕರೆಂಟ್ ಎಷ್ಟೊತ್ತಿಗೆ ಬರುತ್ತೆ?

ರತ್ನಮ್ಮ: ಬಂದ್ರೆ ಡಬ್ಬಿನೇ ಹೇಳುತ್ತೆ, ಬರಿ ನೀನು.

*ಫೋನ್ ಟಿಣ್ ಅನ್ನುತ್ತೆ. ರತ್ನಮ್ಮ ಎದ್ದು ಸ್ವಿಚ್ಚಿಗೆ ಕೈ ಹಾಕ್ತಾಳೆ. ಡಬ್ಬಿ ನೋಡ್ತಾಳೆ. ದೀಪ ಇಲ್ಲ. ಫೋನನ್ನ ಮಗಳಿಗೆ ಕೊಡ್ತಾಳೆ.*

ರತ್ನಮ್ಮ: ಯಾರದು ನೋಡು.

ಶಿಲ್ಪ: 'ಕೆರೆ ಮೋಟ್ರು' ಅಂತಿದೆ. *(ಓದ್ತಾ)* ಏಳನೇ ಬೋರ್ ಕೊರೆಸಬೇಡಿ. ಸಾವಿರದ ನಾನೂರು ಅಡಿ ನೀರಿಲ್ಲ. ಕಾಲುವೆ ಹೂಳು ತೆಗೀರಿ. ಕೆರೆ ತುಂಬುತ್... ಅಷ್ಟೇ ಇರೋದು.

ರತ್ನಮ್ಮ: ಏಳನೇದಾ? ನಮ್ಮೂರಲ್ಲಿ ಇರೋದೇ ಆರು.

*ಶಿಲ್ಪ ಪರದೆಗೆ ಕಣ್ಣು ಹತ್ತಿರ ಮಾಡ್ತಾಳೆ. ಕ್ಲೋಸಪ್: 14-08-46.*

ಶಿಲ್ಪ: ಅಮ್ಮ, ಮೆಸೇಜು ಲೇಟಾಗಿ ಬರೋದುಂಟು. ಬೇಗ ಬರೋದೂ ಉಂಟಾ?

ಸೀನ್ 2. ಕೆರೆ ಅಂಗಳ, ಬೆಳಿಗ್ಗೆ (90 ಸೆಕೆಂಡ್)

*ಒಣಗಿ ಬಿರುಕು ಬಿಟ್ಟ ಕೆರೆ. ನೆಲದ ಮೇಲೆ ಸುಣ್ಣದ ಗುರುತು, ನಡುವೆ ತೆಂಗಿನಕಾಯಿ, ಅರಿಶಿನ ಕುಂಕುಮ: ಬೋರ್ ಪಾಯಿಂಟ್. ದೂರದಲ್ಲಿ ರಿಗ್ ಗಾಡಿ ಇಂಜಿನ್ ಶಬ್ದ ಮಾತ್ರ ಕೇಳುತ್ತೆ. ಪಂಚಾಯ್ತಿ ಮೆಂಬರ್ ನಾರಾಯಣಸ್ವಾಮಿ (50) ಫೋನ್ ಹಿಡ್ಕೊಂಡು ನಿಂತಿದಾನೆ.*

ನಾರಾಯಣಸ್ವಾಮಿ: ಯಾವನೋ ಹುಡುಗ ಸಿಮ್ ಕಿತ್ಕೊಂಡು ಆಟ ಆಡವ್ನೆ ರತ್ನಮ್ಮ.

ರತ್ನಮ್ಮ: *(ಸೊಂಟದ ಬೀಗದ ಕೈ ತೋರಿಸಿ)* ಸಿಮ್ ಡಬ್ಬಿಲೇ ಅದೆ ಅಣ್ಣ. ಕರೆಂಟೇ ಇರಲಿಲ್ಲ ಆಗ.

ನಾರಾಯಣಸ್ವಾಮಿ: ಕಾಲುವೆ ಹೂಳು ತೆಗುದ್ರೆ ಏನಾಗ್ತದಂತೆ? ಇಲ್ಲಿ ನೋಡು, ತುಂಬುತ್ತಿಲ್ಲ ಅಂತ ಹೇಳಕ್ ಹೋಗವ್ರೆ.

ರತ್ನಮ್ಮ: ತುಂಬುತ್ತೆ ಅಂತಲೂ ಇರಬೋದಲ್ಲ.

ಶಿಲ್ಪ: ತುಂಬುತ್ತಿತ್ತು ಅಂತ ಇದ್ರೆ?

*ಯಾರೂ ಮಾತಾಡಲ್ಲ. ನಾರಾಯಣಸ್ವಾಮಿ ಇನ್ನೊಂದು ಸಲ ಓದ್ತಾನೆ. ಮುಖ ಬದಲಾಗುತ್ತೆ.*

ನಾರಾಯಣಸ್ವಾಮಿ: ಈ ಸಾವಿರದ ನಾನೂರು... ಯಾರಿಗೆ ಹೇಳ್ದೆ ನೀನು?

ರತ್ನಮ್ಮ: ನಂಗೇನ್ ಗೊತ್ತಣ್ಣ ಅದು?

ನಾರಾಯಣಸ್ವಾಮಿ: ರಾತ್ರಿ ಹನ್ನೊಂದು ಗಂಟೆಗೆ ಗಾಡಿಯವನ ಹತ್ರ ಮಾತಾಡ್ದೆ. ಸಾವಿರದ ನಾನೂರಕ್ಕೆ ನಿಲ್ಸು, ಅದಕ್ಕಿಂತ ದುಡ್ಡಿಲ್ಲ ಅಂದೆ. ಮನೇಲೂ ಹೇಳಿಲ್ಲ.

*ಫೋನಿನ ಕ್ಲೋಸಪ್: ಮೆಸೇಜ್ ಬಂದ ಹೊತ್ತು, 9:42. ನಾರಾಯಣಸ್ವಾಮಿ ಬಗ್ಗಿ ತೆಂಗಿನಕಾಯಿ ಎತ್ಕೊಂಡು ಕೈಯಲ್ಲಿ ತೂಗ್ತಾನೆ. ಗಾಡಿ ಕಡೆ ತಿರುಗಿ ಕೈ ಅಡ್ಡ ಆಡಿಸ್ತಾನೆ. ಇಂಜಿನ್ ಶಬ್ದ ನಿಲ್ಲುತ್ತೆ.*

ಸೀನ್ 3. ಕಾಲುವೆ (40 ಸೆಕೆಂಡ್, ಮಾತಿಲ್ಲ)

*ಗುದ್ದಲಿ, ಮಂಕರಿ, ಹೂಳು. ಕಾಲುವೆ ತಳ ಕಾಣುತ್ತೆ. ಮೋಡ. ಒಣ ಕಾಲುವೆಲಿ ಕಸ ಕಡ್ಡಿ ಮುಂದೆ ತಳ್ಕೊಂಡು ಮೊದಲ ನೀರು ಬರುತ್ತೆ. ಶಿಲ್ಪ ಅದರ ಪಕ್ಕ ಪಕ್ಕ ನಡೀತಾಳೆ, ಆಮೇಲೆ ಓಡ್ತಾಳೆ.*

ಸೀನ್ 4. ಅದೇ ಮೋಟ್ರು ರೂಮು, ರಾತ್ರಿ (80 ಸೆಕೆಂಡ್)

*ಹೊರಗೆ ಕಪ್ಪೆ ಶಬ್ದ, ಕೋಡಿ ನೀರಿನ ಶಬ್ದ. ಬಿಳಿ ಕೂದಲ ರತ್ನಮ್ಮ (60) ಹಳೇ ಡಬ್ಬಿ ಧೂಳು ಒರೆಸ್ತಾಳೆ. ಪಕ್ಕದಲ್ಲಿ ಮೊಮ್ಮಗಳು (10). ಗೋಡೆ ಕ್ಯಾಲೆಂಡರ್: ಆಗಸ್ಟ್ 2046. ರತ್ನಮ್ಮ ಡಬ್ಬಿಗೆ ಜೋಡಿಸಿದ ಕೀಪ್ಯಾಡ್‌ನಲ್ಲಿ ನಿಧಾನಕ್ಕೆ ಒತ್ತುತಾಳೆ.*

ಮೊಮ್ಮಗಳು: ಏಳನೇ ಬೋರ್ ಎಲ್ಲಿದೆ ಅಜ್ಜಿ?

ರತ್ನಮ್ಮ: ಕೊರೆಸಲೇ ಇಲ್ಲ.

ಮೊಮ್ಮಗಳು: ಮತ್ತೆ 1400 ಅಡಿ ನೀರಿಲ್ಲ ಅಂತ ಬರೆದಿದೀಯ?

ರತ್ನಮ್ಮ: ಹಂಗೆ ಬರೀದಿದ್ರೆ ನಾರಾಯಣಣ್ಣ ನಂಬ್ತಿರಲಿಲ್ಲ.

*ಒತ್ತುತಾಳೆ. ಪರದೆಲಿ ಲೆಕ್ಕ: 68, 69, 70. ಇನ್ನೊಂದು ಸಲ ಒತ್ತುತಾಳೆ. 70. ಅಕ್ಷರ ಮೂಡಲ್ಲ. ದೀಪ ಮಿಣುಕುತ್ತೆ, ಕರೆಂಟ್ ಹೋಗೋ ಹಾಗಿದೆ. ಅವಳು ಕಳ್ಸೋ ಬಟನ್ ಒತ್ತಿಬಿಡ್ತಾಳೆ.*

ಮೊಮ್ಮಗಳು: ಅಯ್ಯೋ, ಪೂರ್ತಿ ಆಗ್ಲಿಲ್ವಲ್ಲ ಅಜ್ಜಿ!

ರತ್ನಮ್ಮ: ಅವತ್ತೂ ಪೂರ್ತಿ ಬಂದಿರಲಿಲ್ಲ.

*ಕರೆಂಟ್ ಹೋಗುತ್ತೆ. ಕತ್ತಲು. ಕೋಡಿ ನೀರಿನ ಶಬ್ದ ಮಾತ್ರ.*

ಇಷ್ಟೇ ಸ್ಕ್ರಿಪ್ಟು. ಈಗ ಬರೀವಾಗ ಎಲ್ಲೆಲ್ಲಿ ಎಡವಿದೆ ಹೇಳ್ತೀನಿ, ನಿಮಗೂ ಅಲ್ಲೇ ತೊಂದ್ರೆ ಬರೋದು.

ಮೊದಲನೇ ಡ್ರಾಫ್ಟ್‌ನಲ್ಲಿ ಊರವರು ಮೆಸೇಜನ್ನ ನಂಬೋಕೆ ಕಾರಣನೇ ಇರಲಿಲ್ಲ, ಓದಿದ್ರು ನಂಬಿದ್ರು. ಒಬ್ಬ ಫ್ರೆಂಡ್ ಓದಿ 'ನಮ್ಮೂರಲ್ಲಿ ಬ್ಯಾಂಕಿಂದ ನಿಜವಾದ ಮೆಸೇಜ್ ಬಂದ್ರೂ ನಂಬಲ್ಲ' ಅಂದ, ಸರಿ ಅನ್ನಿಸ್ತು. ಮುಂದೆ ನಡೆಯೋ ಯಾವುದೋ ಘಟನೆನ ಮೆಸೇಜ್‌ನಲ್ಲೇ ಹೇಳಿ ಅದು ನಿಜ ಆಗೋದು ತೋರ್ಸೋಣ ಅಂದ್ರೆ ಅದಕ್ಕೆ ಇನ್ನೊಂದು ಸೀನ್ ಬೇಕು, 70 ಅಕ್ಷರದಲ್ಲಿ ಜಾಗಾನೂ ಇಲ್ಲ. ಅದಕ್ಕೇ ಒಬ್ಬನಿಗೆ ಮಾತ್ರ ಗೊತ್ತಿರೋ ಒಂದು ಅಂಕಿ ಇಟ್ಟೆ. 1400 ಅನ್ನೋದು ಎಚ್ಚರಿಕೆನೂ ಹೌದು, ಪುರಾವೆನೂ ಹೌದು, ನಾಲ್ಕೇ ಅಕ್ಷರ. ಹೊತ್ತು ಗಮನಿಸಿ: ಮೆಸೇಜ್ ಬಂದದ್ದು 9:42ಕ್ಕೆ, ಮೆಂಬರ್ ಮಾತಾಡಿದ್ದು ಹನ್ನೊಂದಕ್ಕೆ. ಮೊದಲು ಇದನ್ನ ತಿರುಗಾಮುರುಗಾ ಬರೆದಿದ್ದೆ, ಹಾಗಿದ್ರೆ ಯಾರೋ ಕದ್ದು ಕೇಳಿ ಕಳ್ಸಿದ್ರು ಅಂತ ನೋಡೋರು ಅಂದ್ಕೋಬಹುದಿತ್ತು. ಆ ಅಂಕಿ ಹುಟ್ಟಿದ್ದು ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ ಉತ್ತರಾನೂ ಇದೆ, ಮೆಂಬರ್ ಬಾಯಲ್ಲಿ ಹುಟ್ಟಿದ್ದು, ಅವನ ಜೇಬಲ್ಲಿದ್ದ ದುಡ್ಡಿನ ಲೆಕ್ಕದಿಂದ.

ಇದೇ ಎಚ್ಚರಿಕೆ ಮೆಸೇಜಿನ ಮಾತುಗಳಿಗೂ ಬೇಕು. ರತ್ನಮ್ಮ ಹಳೇ ಮೆಸೇಜನ್ನ ಚೀಟಿಲಿ ಬರೆದಿಟ್ಕೊಂಡು ಅದನ್ನ ನೋಡಿ ಟೈಪ್ ಮಾಡಿದ್ರೆ, ಆ ವಾಕ್ಯನ ಯಾರೂ ಬರೆದೇ ಇಲ್ಲ ಅಂತಾಗುತ್ತೆ, ಅದು ಸುಮ್ನೆ ಸುತ್ತು ಹೊಡೀತಿದೆ ಅಷ್ಟೇ. ಕೆಲವರಿಗೆ ಆ ಒಗಟು ಇಷ್ಟ, ನನಗೆ ಇಷ್ಟ ಇಲ್ಲ, ಒಂದು ಹೆಂಗಸು ಇಪ್ಪತ್ತು ವರ್ಷ ಕಾದು ಬರೆದ ಮಾತಿಗೆ ಬರೆದವರೇ ಇಲ್ಲ ಅಂದ್ರೆ ಅವಳಿಗೆ ಮಾಡೋ ಅನ್ಯಾಯ. ಹಾಗಾಗಿ ಚೀಟಿ ತೋರ್ಸಬೇಡಿ. ಅವಳು ಯೋಚ್ನೆ ಮಾಡಿ ಮಾಡಿ ಒತ್ತಬೇಕು, ಒಂದು ಪದ ಬರೆದು ಅಳಿಸೋದು ತೋರ್ಸಿದ್ರೆ ಇನ್ನೂ ಒಳ್ಳೇದು.

ಸುಳ್ಳು 1400 ಅಡಿ ಅಂತಿದ್ರೂ ನಂಬೋ ಹಾಗಿರೋದು ಯಾಕಂದ್ರೆ ಕೋಲಾರದ ಕಡೆ ನೆಲದಡಿ ಗಟ್ಟಿ ಬಂಡೆ, ನೀರಿರೋದು ಬಂಡೆಯ ಬಿರುಕಲ್ಲಿ ಮಾತ್ರ. ಬಿರುಕು ಸಿಕ್ಕಿದ್ರೆ ನೀರು, ಸಿಗದಿದ್ರೆ ಸಾವಿರ ಅಡಿ ದಾಟಿದ್ರೂ ಮೇಲೆ ಬರೋದು ಬರೀ ಬಿಳಿ ಕಲ್ಲಿನ ಪುಡಿ. ಅಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ, ಹಿಂದಿನವರು ಒಂದರ ಕೆಳಗೊಂದು ಕೆರೆ ಕಟ್ಟಿ ಕಾಲುವೆಲಿ ಜೋಡಿಸಿದ್ದು ಅದಕ್ಕೇ, ಆ ಕಾಲುವೆಲಿ ಹೂಳು ತುಂಬಿದ್ರೆ ಮಳೆ ಬಂದ್ರೂ ಕೆರೆಗೆ ನೀರು ಮುಟ್ಟಲ್ಲ. ನೀವು ಕರಾವಳಿಲಿ ಶೂಟ್ ಮಾಡ್ತೀರ ಅಂದ್ರೆ ಈ ಕಥೆ ಹಾಗೇ ಎತ್ಕೊಂಡು ಹೋಗ್ಬೇಡಿ, ಅಲ್ಲಿನ ಊರು ತನಗೆ ತಾನು ಹೇಳ್ಕೋಬೇಕಾದ ಮಾತು ಬೇರೆ ಇರುತ್ತೆ, ಮೆಸೇಜ್ ತರೋ ವಸ್ತುನೂ ಬೇರೆ ಇರುತ್ತೆ.

ಟೈಮಿಂಗ್ ವಿಷಯ: ಒಂದು ಪುಟಕ್ಕೆ ಒಂದು ನಿಮಿಷ ಅಂತ ಹೇಳ್ತಾರಲ್ಲ, ಅದು ಇಂಗ್ಲಿಷ್ ಸ್ಕ್ರಿಪ್ಟ್‌ನ ಒಂದು ಫಾಂಟ್, ಒಂದು ಸೈಜಿಗೆ ಹೊಂದಿದ ಲೆಕ್ಕ, ಕನ್ನಡದಲ್ಲಿ ನಂಬ್ಬೇಡಿ. ಮೂರು ಜನ ಕೂತು ಜೋರಾಗಿ ಓದಿ, ಮಾತಿಲ್ಲದ ಜಾಗದಲ್ಲಿ ಆ ಕೆಲಸನ ಎದ್ದು ಮಾಡಿ ತೋರಿಸಿ, ಸ್ಟಾಪ್‌ವಾಚ್ ಇಡಿ. ಸೀನ್ 2 ಯಾವಾಗ್ಲೂ ಉದ್ದ ಆಗುತ್ತೆ, ಯಾಕಂದ್ರೆ ಮೆಂಬರ್ ಪಾತ್ರ ಮಾಡೋರು ಸುಮ್ನೆ ನಿಂತು ಓದೋ ಆ ಹೊತ್ತನ್ನ ಎಳೀತಾರೆ. ಎಳೀಲಿ ಬಿಡಿ, ಬೇಕಾದ್ರೆ ಸೀನ್ 3ರಿಂದ ಹತ್ತು ಸೆಕೆಂಡ್ ಕಿತ್ಕೊಳ್ಳಿ.

ಖರ್ಚಿನ ಬಗ್ಗೆ ಎರಡು ಮಾತು. ಶಿಲ್ಪ ಮತ್ತು ಮೊಮ್ಮಗಳು ಒಂದೇ ಹುಡುಗಿ ಮಾಡ್ಲಿ, ಜಡೆ ಬದಲಾಯ್ಸಿ ಸಾಕು, ನೋಡೋರಿಗೆ ಅದು ತಪ್ಪು ಅನ್ನಿಸಲ್ಲ. ರಿಗ್ ಗಾಡಿ ತರ್ಸೋಕೆ ಹೋಗ್ಬೇಡಿ, ಯಾರದೋ ಹೊಲದಲ್ಲಿ ಬೋರ್ ಹೊಡೀವಾಗ ಹೋಗಿ ಕಂಪ್ರೆಸರ್ ಶಬ್ದ ರೆಕಾರ್ಡ್ ಮಾಡ್ಕೊಂಡು ಬನ್ನಿ. ಸೀನ್ 3ರ ಮೊದಲ ನೀರಿಗೆ ಒಂದು ಟ್ಯಾಂಕರ್ ಬೇಕಾಗುತ್ತೆ. ಹತ್ತು ಅಡಿ ಕಾಲುವೆ ಸಾಕು, ಕ್ಯಾಮೆರಾ ನೆಲಕ್ಕೆ ಇಡಿ, ನೀರು ಬಿಡೋಕೆ ಮುಂಚೆ ಒಣ ಎಲೆ ಕಡ್ಡಿ ಧಾರಾಳವಾಗಿ ಹರಡಿ, ಯಾಕಂದ್ರೆ ನಿಜವಾದ ಹೊಸ ನೀರು ಯಾವತ್ತೂ ಸ್ವಚ್ಛವಾಗಿ ಬರಲ್ಲ. ಒಣ ನೆಲ ಕುಡಿದುಬಿಡೋದ್ರಿಂದ ಎರಡನೇ ಟೇಕ್ ಹೊತ್ತಿಗೆ ನೆಲ ಒದ್ದೆಯಾಗಿರುತ್ತೆ, ಒಣ ಮಣ್ಣು ಮೊದಲ ಸಲ ನೆನೆಯೋದು ಒಂದೇ ಸಲ ಸಿಗೋದು, ಎರಡು ಕ್ಯಾಮೆರಾ ಇದ್ರೆ ಎರಡನ್ನೂ ಅಲ್ಲೇ ಇಡಿ. ಸೀನ್ 4ಕ್ಕೆ ತುಂಬಿದ ಕೆರೆ ತೋರ್ಸೋ ಅಗತ್ಯನೇ ಇಲ್ಲ, ಮಳೆಗಾಲದಲ್ಲಿ ಎಲ್ಲಾದ್ರೂ ಕೆರೆ ಕೋಡಿ ಬಿದ್ದಾಗ ರಾತ್ರಿ ಹೋಗಿ ಹತ್ತು ನಿಮಿಷ ಶಬ್ದ ಹಿಡ್ಕೊಂಡು ಬನ್ನಿ, ಕಪ್ಪೆ ಅಲ್ಲೇ ಇರ್ತಾವೆ.